ಕೂತ ಜಾಗದ ಗಾತ್ರ: ಏಳು ಸಾಲುಗಳಿಗೆ ವ್ಯಾಖ್ಯಾನ

ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿ ಪ್ರಾಜೆಕ್ಟ್ ವರದಿ ಬರೆಯುವ ಪದವಿ ವಿದ್ಯಾರ್ಥಿಗಳಿಗೆ, ಪ್ರಗತಿ ಪರಿಶೀಲನಾ ಸಭೆಗೆ ಸ್ಲೈಡ್ ತಯಾರಿಸುವ ಕಚೇರಿಯವರಿಗೆ ಕೊಡಲೆಂದು ಏಳು ಸಾಲುಗಳನ್ನು ಬರೆದಿಟ್ಟಿದ್ದೇನೆ. ಸಾಲುಗಳು ಚಿಕ್ಕವು. ಕಾರಣ ಹೇಳದೆ ಕೊಟ್ಟರೆ ಅವು ಬರಿಯ ಅಪ್ಪಣೆಯಂತೆ ಕೇಳಿಸುತ್ತವೆ, ಆದ್ದರಿಂದ ಒಂದೊಂದಕ್ಕೂ ವಿವರಣೆ ಬರೆಯುತ್ತಿದ್ದೇನೆ.

ಉದಾಹರಣೆಗೆ ಬೇಕಾದ ಅಂಕಿಗಳನ್ನೆಲ್ಲ 2011ರ ಜನಗಣತಿಯಿಂದಲೇ ತೆಗೆದುಕೊಂಡಿದ್ದೇನೆ. ಆಗ ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ 10,20,791. ಇದರಲ್ಲಿ ಪರಿಶಿಷ್ಟ ಜಾತಿಯವರು ಶೇ. 25.42, ಪರಿಶಿಷ್ಟ ಪಂಗಡದವರು ಶೇ. 11.78, ಉಳಿದವರು ಶೇ. 62.80. ಹಳ್ಳಿಗಳಲ್ಲಿ ಇದ್ದವರು ಶೇ. 82.86, ಪಟ್ಟಣಗಳಲ್ಲಿ ಇದ್ದವರು ಶೇ. 17.14. ಸಾಕ್ಷರತೆ ಗಂಡಸರಲ್ಲಿ ಶೇ. 67.93, ಹೆಂಗಸರಲ್ಲಿ ಶೇ. 54.92. ಇಷ್ಟು ಅಂಕಿಗಳು ಸಾಕು.

1. ಅಂಕಿಯಲ್ಲಿ ಇಲ್ಲದ ಆಳ ಚಿತ್ರದಲ್ಲೂ ಬೇಡ.

ಸಾಕ್ಷರತೆಯ ಎರಡು ಅಂಕಿಗಳನ್ನು ಎರಡು ಕಂಬಗಳಾಗಿ ಬರೆಯುತ್ತೇವೆ ಎಂದುಕೊಳ್ಳೋಣ. ಒಂದೊಂದು ಕಂಬ ಹೇಳಬೇಕಾದ್ದು ಒಂದೇ ಮಾತು, ಅದನ್ನು ಎತ್ತರ ಹೇಳಿ ಮುಗಿಸುತ್ತದೆ. ಕಂಬಕ್ಕೆ ಅಗಲ ಇರುವುದು ಕಣ್ಣಿಗೆ ಕಾಣಲಿ ಎಂದಷ್ಟೇ, ಎಲ್ಲ ಕಂಬಗಳಿಗೂ ಅದು ಸಮ. ಇನ್ನು ಹಿಂದಕ್ಕೆ ಹೋಗುವ ಆಳವನ್ನೂ ಕೊಟ್ಟರೆ ಆ ಆಳ ಯಾವ ಅಂಕಿಯನ್ನು ಹೇಳುತ್ತದೆ? ಗಂಡಸರ ಕಂಬದಲ್ಲೂ ಹೆಂಗಸರ ಕಂಬದಲ್ಲೂ ಅದು ಏನನ್ನೂ ಹೇಳುವುದಿಲ್ಲ. ಆದರೆ ನೋಡುವವರ ಕಣ್ಣಿಗೆ ಅದು ಗೊತ್ತಿಲ್ಲ. ಹಾಳೆಯ ಮೇಲೆ ಬಣ್ಣ ಬಳಿದ ಜಾಗವನ್ನೆಲ್ಲ ಕಣ್ಣು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಅಂಕಿಗಳನ್ನು ಚಿತ್ರವಾಗಿ ತೋರಿಸುವ ಬಗ್ಗೆ ಎಡ್ವರ್ಡ್ ಟಫ್ಟಿ 1983ರಲ್ಲಿ ಬರೆದ ಪುಸ್ತಕದಲ್ಲಿ ಈ ಕಟ್ಟಳೆಯನ್ನು ಖಚಿತವಾಗಿ ಮುಂದಿಟ್ಟರು: ದತ್ತಾಂಶದಲ್ಲಿ ಎಷ್ಟು ಆಯಾಮಗಳಿವೆಯೋ ಚಿತ್ರದಲ್ಲಿ ಅದಕ್ಕಿಂತ ಹೆಚ್ಚು ಇರಕೂಡದು ಎಂಬುದು ಅವರ ವಾದ. ಮರುವರ್ಷ, 1984ರಲ್ಲಿ, ವಿಲಿಯಂ ಕ್ಲೀವ್‌ಲೆಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಕಣ್ಣು ಯಾವ ಬಗೆಯ ಅಳತೆಯನ್ನು ಎಷ್ಟು ಸರಿಯಾಗಿ ಹಿಡಿಯುತ್ತದೆ ಎಂದು ಜನರನ್ನೇ ಕೂರಿಸಿ ಪರೀಕ್ಷಿಸಿದರು. ಅವರು ಕೊಟ್ಟ ಶ್ರೇಣಿಯಲ್ಲಿ ಒಂದೇ ಮಾಪನದ ಮೇಲಿನ ಸ್ಥಾನ ಎಲ್ಲಕ್ಕಿಂತ ಮೇಲೆ ಬರುತ್ತದೆ. ಆಮೇಲೆ ಉದ್ದ, ಕೋನ, ವಿಸ್ತೀರ್ಣ; ಘನಗಾತ್ರ ಅವುಗಳಿಗಿಂತ ಕೆಳಗೆ. ಚಪ್ಪಟೆ ಕಂಬಗಳನ್ನು ಓದುವಾಗ ಕಣ್ಣು ಶ್ರೇಣಿಯ ಮೇಲ್ತುದಿಯಲ್ಲಿ ಕೆಲಸ ಮಾಡುತ್ತದೆ. ಅದೇ ಕಂಬಗಳನ್ನು ಪೆಟ್ಟಿಗೆಗಳನ್ನಾಗಿ ಮಾಡಿದರೆ ಅಂಕಿ ಬದಲಾಗದೆ ಇದ್ದರೂ ಓದುಗರನ್ನು ನಾವೇ ಕೆಳಗಿನ ಮೆಟ್ಟಿಲಿಗೆ ಇಳಿಸುತ್ತೇವೆ.

2. ವೃತ್ತ ವಾಲಿದರೆ ಕೋನ ಕೂತ ಜಾಗದ್ದು, ಹೋಳಿನದಲ್ಲ.

ಏಳು ಸಾಲುಗಳಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕೆನಿಸುವುದು ಇದರ ಮೇಲೆ ಮತ್ತು ಮುಂದಿನದರ ಮೇಲೆ. ಜಿಲ್ಲೆಯ ಜನರನ್ನು ಮೂರು ಹೋಳುಗಳಾಗಿ ತೋರಿಸುವ ಪೈ ಚಾರ್ಟ್ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಬಹುಪಾಲು ತ್ರೀಡಿ ರೂಪದಲ್ಲೇ ಬರುತ್ತದೆ. ಅದರ ಅತಿ ಚಿಕ್ಕ ಹೋಳು ನಾಯಕರು, ಸೋಲಿಗರು, ಜೇನುಕುರುಬರು ಸೇರಿದ ಪರಿಶಿಷ್ಟ ಪಂಗಡದ್ದು. ಶೇ. 11.78 ಎಂದರೆ ಸುಮಾರು 1 ಲಕ್ಷ 20 ಸಾವಿರ ಜನ. ಈ ಹೋಳು ಸಭೆಯ ಪರದೆಯ ಮೇಲೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಸಣ್ಣ ವಿಷಯವಲ್ಲ.

ಎಕ್ಸೆಲ್‌ನಲ್ಲಿ `3-D Pie` ಆರಿಸಿದರೆ ತಾನಾಗಿ ಸಿಗುವ ವಾಲಿಕೆ 30 ಡಿಗ್ರಿ. ನೆಲದ ಮೇಲಿಟ್ಟ ಊಟದ ತಟ್ಟೆಯನ್ನು ದೂರದಿಂದ, ಕಣ್ಣಿನ ನೋಟ 30 ಡಿಗ್ರಿಯಷ್ಟೇ ಕೆಳಗಿಳಿಯುವಂತೆ ನೋಡಿದರೆ ದುಂಡು ತಟ್ಟೆ ಮೊಟ್ಟೆಯಾಕಾರವಾಗಿ ಕಾಣುತ್ತದೆ. ಅದರ ಅಗಲ ಇದ್ದಷ್ಟೇ ಇರುತ್ತದೆ, ಎತ್ತರ ಅರ್ಧಕ್ಕೆ ಇಳಿಯುತ್ತದೆ. 30 ಡಿಗ್ರಿಯ ಸೈನ್ ಬೆಲೆ ಅರ್ಧ ಎಂದು ಶಾಲೆಯಲ್ಲಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಹೀಗೆ ಕುಗ್ಗುವಾಗ ಮೇಲೆ ಕೆಳಗಿನ ಅಳತೆ ಮಾತ್ರ ಕುಗ್ಗುತ್ತದೆ, ಎಡಬಲದ ಅಳತೆ ಕುಗ್ಗುವುದಿಲ್ಲ. ಆದ್ದರಿಂದ ಮುಂದೆ ಮತ್ತು ಹಿಂದೆ ಕೂತ ಹೋಳುಗಳ ಕೋನ ಅಗಲವಾಗಿ ತೆರೆದುಕೊಳ್ಳುತ್ತದೆ, ಪಕ್ಕಗಳಲ್ಲಿ ಕೂತವುಗಳ ಕೋನ ಮುಚ್ಚಿಕೊಳ್ಳುತ್ತದೆ.

ಲೆಕ್ಕ ಹಾಕಿ ನೋಡೋಣ. ಪರಿಶಿಷ್ಟ ಜಾತಿಯ ಶೇ. 25.42ಕ್ಕೆ ಸಲ್ಲುವ ಕೋನ ಸುಮಾರು 91.5 ಡಿಗ್ರಿ. ಅದು ಎದುರಿಗೆ, ನಟ್ಟನಡುವೆ ಕೂತರೆ ವಾಲಿದ ಚಿತ್ರದಲ್ಲಿ 128 ಡಿಗ್ರಿಯಾಗಿ ಕಾಣುತ್ತದೆ. ಕೋನವನ್ನೇ ನಂಬುವವರಿಗೆ ಅದು ಶೇ. 36ರಷ್ಟು. ಅದೇ ಹೋಳನ್ನು ಬಲಪಕ್ಕಕ್ಕೆ ತಿರುಗಿಸಿದರೆ 54 ಡಿಗ್ರಿ, ಎಂದರೆ ಶೇ. 15. ಪರಿಶಿಷ್ಟ ಪಂಗಡದ ನಿಜವಾದ ಕೋನ 42.4 ಡಿಗ್ರಿ. ಎದುರಿಗೆ ಕೂತರೆ ಅದು 76 ಡಿಗ್ರಿ, ಪಕ್ಕಕ್ಕೆ ಸರಿದರೆ 22.

ಈಗ ಎರಡನ್ನೂ ಒಂದೇ ಚಿತ್ರದಲ್ಲಿ ಇಡೋಣ. ಪಂಗಡದ ಹೋಳು ಎದುರಿನ ನಡುವೆ ಇರಲಿ, ಜಾತಿಯ ಹೋಳು ಅದಕ್ಕೆ ತಾಗಿಕೊಂಡು ಬಲಕ್ಕೆ ಇರಲಿ, ಉಳಿದವರು ಮಿಕ್ಕ ಜಾಗದಲ್ಲಿ ಇರಲಿ. ಪಂಗಡದ ಹೋಳಿನ ಕೋನ 76 ಡಿಗ್ರಿಯಾಗಿ ಕಂಡರೆ ಜಾತಿಯ ಹೋಳಿನದು 64 ಡಿಗ್ರಿಯಾಗಿ ಕಾಣುತ್ತದೆ. ಎರಡು ಪಟ್ಟಿಗಿಂತ ದೊಡ್ಡದಾದ ಹೋಳು ಚಿಕ್ಕದಕ್ಕಿಂತ ಕಿರಿದಾದ ಕೋನ ಪಡೆಯಿತು. ಇಲ್ಲಿ ಗಾತ್ರ ಹೆಚ್ಚು ಕಡಿಮೆ ಕಂಡಿತು ಎನ್ನುವುದಷ್ಟೇ ಅಲ್ಲ, ಯಾವುದು ದೊಡ್ಡದು ಎಂಬ ಉತ್ತರವೇ ತಿರುವುಮುರುವಾಯಿತು. ಯಾರೂ ಅಂಕಿಯನ್ನು ತಿದ್ದಿಲ್ಲ, ಪಕ್ಕದಲ್ಲಿ ಬರೆದ ಶೇಕಡಾವಾರೂ ಸರಿಯಾಗಿದೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಹೀಗೆ ವಾಲಿಸಿದಾಗ ಕೋನ ಕೆಡುತ್ತದೆ, ಆದರೆ ಮೇಲ್ಮೈಯ ವಿಸ್ತೀರ್ಣದ ಪಾಲು ಕೆಡುವುದಿಲ್ಲ. ಎಲ್ಲ ಹೋಳುಗಳೂ ಒಂದೇ ದಿಕ್ಕಿನಲ್ಲಿ ಒಂದೇ ಪ್ರಮಾಣದಲ್ಲಿ ಚಪ್ಪಟೆಯಾಗುವುದರಿಂದ ಶೇ. 25.42ರ ಹೋಳು ಮೊಟ್ಟೆಯಾಕಾರದಲ್ಲೂ ಶೇ. 25.42 ಜಾಗವನ್ನೇ ತುಂಬುತ್ತದೆ. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಎಂದು ತೋರಿಸುವ ಪರ್ಸ್‌ಪೆಕ್ಟಿವ್ ಸೇರಿದಾಗ ಮಾತ್ರ ಈ ಲೆಕ್ಕ ತಪ್ಪುತ್ತದೆ. ಪೈ ಚಾರ್ಟ್ ಓದುವಾಗ ಜನ ನಿಜವಾಗಿ ನೋಡುವುದು ಏನನ್ನು ಎಂದು 2016ರಲ್ಲಿ ಡ್ರೂ ಸ್ಕಾ ಮತ್ತು ರಾಬರ್ಟ್ ಕೊಸಾರಾ ಪ್ರಯೋಗ ಮಾಡಿದಾಗ, ಬಹಳ ಕಾಲದಿಂದ ನಂಬಿದ್ದಂತೆ ಕೋನವೇ ಮುಖ್ಯವಲ್ಲ, ಹೊರಗಿನ ಕಮಾನಿನ ಉದ್ದ ಮತ್ತು ವಿಸ್ತೀರ್ಣಗಳೇ ಹೆಚ್ಚು ಮುಖ್ಯ ಎಂಬ ಫಲಿತಾಂಶ ಬಂತು. ಹಾಗಿದ್ದರೆ ವಾಲಿದ ವೃತ್ತದಿಂದ ಅಷ್ಟೇನೂ ಹಾನಿ ಇಲ್ಲವಲ್ಲ ಎಂದು ಕೇಳಬಹುದು. ವೃತ್ತ ಕಾಗದದಷ್ಟು ತೆಳುವಾಗಿದ್ದರೆ ಹಾನಿ ಕಡಿಮೆಯೇ. ಆದರೆ ತ್ರೀಡಿ ಪೈಗೆ ಯಾವಾಗಲೂ ದಪ್ಪ ಇರುತ್ತದೆ, ಮುಂದಿನ ಸಾಲು ಹುಟ್ಟಿದ್ದು ಅದರಿಂದ.

3. ದಪ್ಪ ಕೊಟ್ಟರೆ ಮುಂದಿನವರಿಗೆ ಗಳಿಕೆ, ಹಿಂದಿನವರಿಗೆ ಕಳೆತ.

ದಪ್ಪ ಬಂದ ಕೂಡಲೇ ಚಾರ್ಟ್‌ಗೆ ಒಂದು ಗೋಡೆ ಬರುತ್ತದೆ. ಆ ಗೋಡೆ ನಮಗೆ ಕಾಣುವುದು ಎದುರಿನ ಅರ್ಧದಲ್ಲಿ ಮಾತ್ರ, ಹಿಂದಿನ ಅರ್ಧದ ಗೋಡೆ ಮರೆಯಾಗಿರುತ್ತದೆ. ಗೋಡೆಗೂ ಹೋಳಿನ ಬಣ್ಣವನ್ನೇ, ತುಸು ಗಾಢವಾಗಿ, ಬಳಿಯುತ್ತಾರೆ. ಹೀಗಾಗಿ ಎದುರಿಗೆ ಕೂತ ಹೋಳಿಗೆ ತನ್ನ ಪಾಲಿನ ಜೊತೆಗೆ ಗೋಡೆಯೂ ದಕ್ಕುತ್ತದೆ, ಹಿಂದೆ ಕೂತದ್ದಕ್ಕೆ ದಕ್ಕುವುದು ಪಾಲು ಮಾತ್ರ.

ಹಾಳೆಯ ಮೇಲೆ 8 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ಎತ್ತರದ ಮೊಟ್ಟೆಯಾಕಾರದ ಪೈ ಇದೆ, ಗೋಡೆಯ ಎತ್ತರ 1.2 ಸೆಂಟಿಮೀಟರ್ ಎಂದುಕೊಳ್ಳಿ. ಮೇಲ್ಮೈಯ ವಿಸ್ತೀರ್ಣ ಸುಮಾರು 25 ಚದರ ಸೆಂಟಿಮೀಟರ್, ಗೋಡೆ ಇನ್ನು 9.6. ಒಟ್ಟು ಬಣ್ಣ ಬಿದ್ದ ಜಾಗ ಸುಮಾರು 34.7. ಇದರಲ್ಲಿ ಪರಿಶಿಷ್ಟ ಜಾತಿಯ ಹೋಳಿನ ಮೇಲ್ಮೈ 6.4. ಅದು ಎದುರಿಗಿದ್ದರೆ ಗೋಡೆಯ 6.9 ಕೂಡಿ 13.3 ಆಗುತ್ತದೆ, ಎಂದರೆ ಬಣ್ಣದ ಒಟ್ಟು ಜಾಗದಲ್ಲಿ ಶೇ. 38. ಅದೇ ಹೋಳು ಹಿಂದಕ್ಕೆ ಹೋದರೆ ಬರಿಯ 6.4, ಶೇ. 18. ಪರಿಶಿಷ್ಟ ಪಂಗಡದ ಹೋಳು ಎದುರಿಗಿದ್ದರೆ ಶೇ. 18.5, ಹಿಂದಿದ್ದರೆ ಶೇ. 8.5.

ಈ ನಾಲ್ಕರಲ್ಲಿ ಎರಡನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಎದುರಿಗೆ ಕೂತ ಶೇ. 11.78 ಮತ್ತು ಹಿಂದೆ ಕೂತ ಶೇ. 25.42, ಎರಡಕ್ಕೂ ಸಿಗುವ ಬಣ್ಣದ ಜಾಗ ಹೆಚ್ಚು ಕಡಿಮೆ ಒಂದೇ. ಒಂದು ವರದಿಯವರು ಚಾರ್ಟನ್ನು ಒಂದು ಬಗೆಯಲ್ಲಿ ತಿರುಗಿಸಿದ್ದು, ಇನ್ನೊಂದು ವರದಿಯವರು ಇನ್ನೊಂದು ಬಗೆಯಲ್ಲಿ ತಿರುಗಿಸಿದ್ದರೆ, ಎರಡನ್ನೂ ಎದುರಿಗಿಟ್ಟುಕೊಂಡು ಹೋಲಿಸುವ ಓದುಗರಿಗೆ ಒಂದು ಲಕ್ಷ ಇಪ್ಪತ್ತು ಸಾವಿರ ಜನರೂ ಎರಡು ಲಕ್ಷ ಐವತ್ತೊಂಬತ್ತು ಸಾವಿರ ಜನರೂ ಸಮವಾಗಿ ಕಾಣುತ್ತಾರೆ.

ಇಲ್ಲಿ ದುರುದ್ದೇಶ ಇರಲೇಬೇಕೆಂದಿಲ್ಲ. ಯಾವ ಹೋಳು ಎಲ್ಲಿ ಕೂರುತ್ತದೆ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಪಟ್ಟಿಯಲ್ಲಿ ಸಾಲುಗಳನ್ನು ಟೈಪ್ ಮಾಡಿದ ಕ್ರಮ. ಉದ್ದೇಶ ಇದ್ದರೂ ಇಲ್ಲದಿದ್ದರೂ ಎದುರಿನ ಸ್ಥಾನದ ಬಲ ಒಂದೇ. 2008ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮ್ಯಾಕ್‌ವರ್ಲ್ಡ್ ವೇದಿಕೆಯ ಮೇಲೆ ಸ್ಟೀವ್ ಜಾಬ್ಸ್ ತೋರಿಸಿದ ಪೈ ಚಾರ್ಟ್ ಈ ವಿಷಯದಲ್ಲಿ ಜಗತ್ತಿನೆಲ್ಲೆಡೆ ಚರ್ಚೆಯಾಯಿತು. ಅಮೆರಿಕದ ಸ್ಮಾರ್ಟ್‌ಫೋನ್ ಮಾರುಕಟ್ಟೆಯಲ್ಲಿ ಆ್ಯಪಲ್‌ನ ಪಾಲು ಶೇ. 19.5, ‘ಇತರೆ’ ಎಂಬುದರ ಪಾಲು ಶೇ. 21.2. ಆದರೆ ಆ್ಯಪಲ್‌ನ ಹೋಳು ದಪ್ಪ ಗೋಡೆಯೊಂದಿಗೆ ಎದುರಿಗಿತ್ತು, ‘ಇತರೆ’ ಹಿಂದಿತ್ತು. ಪರದೆಯ ಮೇಲೆ ಚಿಕ್ಕದು ದೊಡ್ಡದಕ್ಕಿಂತ ದೊಡ್ಡದಾಗಿ ಕಂಡಿತು.

ಚಾರ್ಟ್ ಕೆಟ್ಟಿದೆಯೇ ಎಂದು ತಿಳಿಯಲು ಕಂಪ್ಯೂಟರಿನಲ್ಲಿ ಒಂದು ಸುಲಭ ಪರೀಕ್ಷೆ ಇದೆ. ಚಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ `3-D Rotation` ತೆರೆದು `X Rotation` ಮುಂದಿನ ಅಂಕಿಯನ್ನು 0, 90, 180 ಎಂದು ಬದಲಿಸುತ್ತ ಹೋಗಿ. ಪೈ ಸುತ್ತುತ್ತದೆ. ಸುತ್ತುವಾಗ ಒಂದು ಹೋಳನ್ನೇ ಗಮನಿಸಿದರೆ ಅದು ಎದುರಿಗೆ ಬಂದಾಗ ಉಬ್ಬುವುದು, ಪಕ್ಕಕ್ಕೆ ಹೋದಾಗ ಸೊರಗುವುದು ಕಣ್ಣಾರೆ ಕಾಣುತ್ತದೆ. ಚಪ್ಪಟೆ ಪೈ ಚಾರ್ಟನ್ನು ಎಷ್ಟೇ ಸುತ್ತಿಸಿದರೂ ಹೋಳು ಹಾಗೆಯೇ ಇರುತ್ತದೆ. ಕೈಯಲ್ಲಿರುವುದು ಮುದ್ರಿತ ಹಾಳೆ ಮಾತ್ರವಾದರೆ ಸ್ಕೇಲ್ ಹಿಡಿದು ಮೊಟ್ಟೆಯಾಕಾರದ ಅಗಲ, ಎತ್ತರ ಅಳೆಯಿರಿ. ಎತ್ತರ ಅಗಲಕ್ಕಿಂತ ಎಷ್ಟು ಕಡಿಮೆಯೋ ವಾಲಿಕೆ ಅಷ್ಟು ಹೆಚ್ಚು. ಆ ಚಿತ್ರದಲ್ಲಿ ಹೋಳುಗಳ ಮೇಲೆ ಬರೆದ ಶೇಕಡಾವಾರುಗಳನ್ನಷ್ಟೇ ನಂಬಿ, ಆಕಾರಗಳನ್ನು ನಂಬಬೇಡಿ.

4. ಗೆರೆ ಹಿಂದಿದೆ, ಕಂಬ ಮುಂದಿದೆ. ಓದುವುದು ಯಾವುದರ ಮೇಲೆ?

ತ್ರೀಡಿ ಬಾರ್ ಚಾರ್ಟ್‌ನಲ್ಲಿ 20, 40, 60 ಎಂದು ಗುರುತಿಸಿದ ಅಡ್ಡಗೆರೆಗಳು ಹಿಂದಿನ ಗೋಡೆಯ ಮೇಲಿರುತ್ತವೆ. ಕಂಬಗಳು ಆ ಗೋಡೆಗೆ ಅಂಟಿಕೊಂಡಿರುವುದಿಲ್ಲ, ತುಸು ಜಾಗ ಬಿಟ್ಟು ಮುಂದೆ ನಿಂತಿರುತ್ತವೆ. ಮೇಲಿನಿಂದ ನೋಡುವ ನೋಟದಲ್ಲಿ ಹಿಂದಿನದೆಲ್ಲ ಹಾಳೆಯ ಮೇಲೆ ಕೊಂಚ ಎತ್ತರಕ್ಕೆ ಸರಿಯುತ್ತದೆ. ಗೆರೆ ಮೇಲೆ ಸರಿದಾಗ ಕಂಬದ ತಲೆ ಅದಕ್ಕಿಂತ ಕೆಳಗೆ ಉಳಿಯುತ್ತದೆ. ಸರಿಯಾಗಿ 60 ಇರುವ ಕಂಬ 60ರ ಗೆರೆಯನ್ನು ಮುಟ್ಟದೆ ನಿಂತಿರುವುದನ್ನು ಎಕ್ಸೆಲ್ ಬಳಸುವವರು ನೋಡಿಯೇ ಇರುತ್ತಾರೆ.

100 ಅಂಶಕ್ಕೆ 10 ಸೆಂಟಿಮೀಟರ್ ಎತ್ತರ ಕೊಟ್ಟಿದ್ದೇವೆ, ಗೆರೆ ಸರಿದದ್ದು 4 ಮಿಲಿಮೀಟರ್ ಎಂದರೆ ಪ್ರತಿ ಕಂಬವೂ 4 ಅಂಶ ಕಡಿಮೆ ಓದಿಸುತ್ತದೆ. ಗಂಡಸರ ಸಾಕ್ಷರತೆ 67.93 ಇದ್ದದ್ದು 64 ಎನಿಸುತ್ತದೆ, ಹೆಂಗಸರದು 54.92 ಇದ್ದದ್ದು 51 ಎನಿಸುತ್ತದೆ. ಎರಡೂ ಸಮವಾಗಿ ಕಡಿಮೆಯಾದವು, ನಡುವಿನ ಅಂತರ 13 ಹಾಗೇ ಉಳಿಯಿತು, ತೊಂದರೆಯೇನು ಎನ್ನಬಹುದು. ಸಣ್ಣ ಅಂಕಿ ಬಂದಾಗ ತೊಂದರೆ ತಿಳಿಯುತ್ತದೆ. ಪಟ್ಟಣವಾಸಿಗಳ ಶೇ. 17.14 ಇದೇ ಚಾರ್ಟ್‌ನಲ್ಲಿ 13 ಎಂದು ಕಂಡಾಗ ತನ್ನ ಕಾಲು ಭಾಗವನ್ನೇ ಬಹುಪಾಲು ಕಳೆದುಕೊಂಡಿರುತ್ತದೆ. ಹಳ್ಳಿವಾಸಿಗಳ ಶೇ. 82.86 ಕಳೆದುಕೊಳ್ಳುವುದು ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ಎಲ್ಲರಿಂದಲೂ ಸಮವಾಗಿ ಕಿತ್ತುಕೊಂಡರೆ ಕಡಿಮೆ ಇದ್ದವರಿಗೆ ಬೀಳುವ ಪೆಟ್ಟು ಹೆಚ್ಚು.

ಅದರ ಮೇಲೆ ಇನ್ನೊಂದು ಗೊಂದಲ. ಪೆಟ್ಟಿಗೆಯಂಥ ಕಂಬದ ತಲೆಗೆ ಎರಡು ಅಂಚುಗಳಿವೆ, ಮುಂದಿನದು ಕೆಳಗೆ, ಹಿಂದಿನದು ಮೇಲೆ. ಯಾವುದನ್ನು ಓದಬೇಕು ಎಂದು ಚಾರ್ಟ್ ಹೇಳುವುದಿಲ್ಲ. ಒಬ್ಬರು ಮುಂದಿನ ಅಂಚನ್ನು ಹಿಡಿದರೆ, ಪಕ್ಕದಲ್ಲಿ ಕೂತವರು ಹಿಂದಿನದನ್ನು ಹಿಡಿದು ಬೇರೆ ಅಂಕಿ ಬರೆದುಕೊಳ್ಳುತ್ತಾರೆ.

ಆದರೂ ಪೈ ಚಾರ್ಟ್‌ನಷ್ಟು ದೊಡ್ಡ ಅಪರಾಧವನ್ನು ಕಂಬಗಳ ಮೇಲೆ ಹೊರಿಸಲಾರೆ. 1998ರಲ್ಲಿ ಜೆಫ್ರಿ ಝ್ಯಾಕ್ಸ್, ಬಾರ್ಬರಾ ಟ್ವೆರ್ಸ್ಕಿ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ ಕಂಬಕ್ಕೆ ಆಳ ಕೊಟ್ಟಾಗ ಓದಿನ ನಿಖರತೆ ಇಳಿಯಿತು, ಆದರೆ ಆ ಇಳಿಕೆ ಚಿಕ್ಕದು. ಪಕ್ಕದ ಕಂಬದ ಎತ್ತರ ಓದುಗರ ಅಂದಾಜನ್ನು ಅದಕ್ಕಿಂತ ಹೆಚ್ಚು ಎಳೆದಾಡಿತು. ಹಾಗಾಗಿ ಕಂಬಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದರೆ ಮತ್ತು ಪ್ರತಿಯೊಂದರ ತಲೆಯ ಮೇಲೆ ಅಂಕಿ ಬರೆದಿದ್ದರೆ ಹಾನಿ ಮಿತಿಯಲ್ಲಿರುತ್ತದೆ. ಒಂದರ ಹಿಂದೆ ಒಂದು ಸಾಲು ನಿಲ್ಲಿಸುವ ಬಗೆ ಇದೆಯಲ್ಲ, ಅದಕ್ಕೆ ಮಾತ್ರ ರಿಯಾಯಿತಿ ಇಲ್ಲ. ಮುಂದಿನ ಎತ್ತರದ ಕಂಬಗಳು ಹಿಂದಿನ ಗಿಡ್ಡ ಕಂಬಗಳನ್ನು ಪೂರ್ತಿ ಮರೆಮಾಡುತ್ತವೆ, ಮರೆಯಾದದ್ದನ್ನು ಹೋಲಿಸುವ ಮಾತೇ ಬರುವುದಿಲ್ಲ.

5. ಶಂಕುವಿನ ತುದಿಯಲ್ಲಿ ಯಾರನ್ನೂ ಕೂರಿಸಬೇಡಿ.

ಎಕ್ಸೆಲ್‌ನ ತ್ರೀಡಿ ಕಂಬಕ್ಕೆ `Column shape` ಎಂಬಲ್ಲಿ ಪೆಟ್ಟಿಗೆಯ ಬದಲು ಶಂಕು, ಪಿರಮಿಡ್, ಸಿಲಿಂಡರ್ ಆಕಾರಗಳನ್ನು ಕೊಡಬಹುದು. ನಿಂತ ಶಂಕುವನ್ನು ಅಡ್ಡಡ್ಡ ಎರಡು ಭಾಗ ಮಾಡಿ ಹಳ್ಳಿ, ಪಟ್ಟಣ ಎಂದು ಬಣ್ಣ ಬಳಿದರೆ ಏನಾಗುತ್ತದೆ ನೋಡಿ.

ಎತ್ತರದ ಲೆಕ್ಕದಲ್ಲಿ ಎಲ್ಲವೂ ಸರಿ. ಕೆಳಗಿನ ಶೇ. 82.86 ಎತ್ತರ ಹಳ್ಳಿ, ಮೇಲಿನ ಶೇ. 17.14 ಎತ್ತರ ಪಟ್ಟಣ. ಆದರೆ ಶಂಕು ಮೇಲಕ್ಕೆ ಹೋದಂತೆ ಅದರ ಅಗಲ ಕಡಿಮೆಯಾಗುತ್ತದೆ. ಹಾಳೆಯ ಮೇಲೆ ಅದು ತ್ರಿಕೋನವಾಗಿ ಕಾಣುವುದರಿಂದ ತುದಿಯ ಭಾಗದ ವಿಸ್ತೀರ್ಣ ಎತ್ತರದ ವರ್ಗಕ್ಕೆ ಇಳಿಯುತ್ತದೆ. 0.1714ನ್ನು ಅದರಿಂದಲೇ ಗುಣಿಸಿದರೆ ಸುಮಾರು 0.029, ಎಂದರೆ ಪಟ್ಟಣಕ್ಕೆ ಸಿಕ್ಕ ಬಣ್ಣ ಶೇ. 3. ನೋಡುವವರು ಅದನ್ನು ನಿಜವಾದ ಘನಾಕೃತಿ ಎಂದು ಭಾವಿಸಿದರೆ ಮತ್ತೊಮ್ಮೆ ಗುಣಿಸಬೇಕು, ಆಗ ಉಳಿಯುವುದು ಶೇ. ಅರ್ಧ. ಕ್ರಮ ಬದಲಿಸಿ ಪಟ್ಟಣವನ್ನು ಕೆಳಗಿಟ್ಟು ಹಳ್ಳಿಯನ್ನು ಮೇಲಿಟ್ಟರೆ ಪಟ್ಟಣದ ಬಣ್ಣ ಶೇ. 31ಕ್ಕೆ ಏರುತ್ತದೆ. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲದಂಥ ಊರುಗಳ ಜನರೆಲ್ಲ ಸೇರಿದ ಅಂಕಿ ಒಂದೇ. ಅದು ಶೇ. 3 ಆಗಿಯೂ ಕಾಣಬಹುದು, ಶೇ. 31 ಆಗಿಯೂ ಕಾಣಬಹುದು. ಇಷ್ಟು ಅಂತರವಿರುವ ಚಿತ್ರದಿಂದ ಓದುಗರು ಏನನ್ನು ತಿಳಿಯಬೇಕು? ಮೌಲ್ಯ ಹೋಲಿಸುವ ಕೆಲಸಕ್ಕೆ ಶಂಕುವನ್ನಾಗಲಿ ಪಿರಮಿಡನ್ನಾಗಲಿ ಬಳಸುವುದಕ್ಕೆ ನನಗೆ ಒಂದೇ ಒಂದು ಸಮರ್ಥನೆಯೂ ಸಿಕ್ಕಿಲ್ಲ.

6. ನೆರಳಿಗೆ ಅಂಕಿ ಇಲ್ಲ, ಉದ್ದ ಇದೆ.

ತ್ರೀಡಿ ಬೇಡವೆಂದು ಒಪ್ಪಿದವರೂ ನೆರಳನ್ನು ಬಿಡಲು ಒಪ್ಪುವುದಿಲ್ಲ. ಕಂಬದ ಹಿಂದೆ ಬಲಕ್ಕೂ ಕೆಳಕ್ಕೂ ಸರಿದ ಬೂದು ಪಟ್ಟಿ ಚಂದ ಕಾಣುತ್ತದೆ ಎಂಬುದು ಕಾರಣ. ಮಲಗಿಸಿದ ಪಟ್ಟಿಗಳ ಚಾರ್ಟ್‌ನಲ್ಲಿ ಈ ನೆರಳು ಪ್ರತಿ ಪಟ್ಟಿಯ ತುದಿಯಿಂದಾಚೆ ಬಲಕ್ಕೆ ಚಾಚುತ್ತದೆ, ಅಳೆಯುವ ದಿಕ್ಕೂ ಬಲವೇ. ಶೇ. 1ಕ್ಕೆ 1 ಮಿಲಿಮೀಟರ್ ಉದ್ದ, ನೆರಳು ಸರಿದದ್ದು 2 ಮಿಲಿಮೀಟರ್ ಎಂದಿಟ್ಟುಕೊಂಡರೆ ಉಳಿದವರ ಶೇ. 62.80 ನೆರಳು ಸೇರಿ 64.80 ಆಗುತ್ತದೆ. ಇದು ಶೇ. 3ರಷ್ಟು ಉಬ್ಬಿದ್ದು, ಕಣ್ಣಿಗೆ ಗೊತ್ತೇ ಆಗದು. ಪರಿಶಿಷ್ಟ ಪಂಗಡದ ಶೇ. 11.78 ಮಾತ್ರ 13.78 ಆಗಿ ಶೇ. 17ರಷ್ಟು ಉಬ್ಬುತ್ತದೆ. ನಾಲ್ಕನೇ ಸಾಲಿನಲ್ಲಿ ಸಣ್ಣ ಅಂಕಿ ಹೆಚ್ಚು ಕುಗ್ಗಿದಂತೆ ಇಲ್ಲಿ ಸಣ್ಣ ಅಂಕಿಯೇ ಹೆಚ್ಚು ಹಿಗ್ಗಿತು. ಎರಡೂ ಕಡೆ ಕಾರಣ ಒಂದೇ, ಪ್ರತಿಯೊಂದಕ್ಕೂ ಸಮನಾದ ಸುಳ್ಳು ಉದ್ದ ಸೇರಿದೆ ಅಥವಾ ಕಳೆದಿದೆ.

ಪರದೆಯ ಮೇಲೆ ನೆರಳು ತಿಳಿಬೂದು, ಪಟ್ಟಿ ಗಾಢ ನೀಲಿ, ಬೇರೆ ಬೇರೆಯೆಂದು ಗೊತ್ತಾಗುತ್ತದೆ. ಆದರೆ ವರದಿ ಪರದೆಯಲ್ಲೇ ಉಳಿಯುವುದಿಲ್ಲ. ಕಪ್ಪು ಬಿಳುಪಿನಲ್ಲಿ ಪ್ರಿಂಟ್ ಆಗಿ, ಜೆರಾಕ್ಸ್ ಆಗಿ, ಜೆರಾಕ್ಸ್‌ನ ಜೆರಾಕ್ಸ್ ಆಗಿ ಗ್ರಾಮ ಪಂಚಾಯಿತಿಯ ಕಡತಕ್ಕೆ ಸೇರುತ್ತದೆ. ಅಷ್ಟರೊಳಗೆ ನೀಲಿಯೂ ಬೂದುವೂ ಒಂದೇ ಕಪ್ಪಾಗಿ, ಪಟ್ಟಿ ಎಲ್ಲಿ ಮುಗಿಯಿತು ಎಂದು ಹೇಳುವ ಅಂಚು ಅಳಿಸಿಹೋಗಿರುತ್ತದೆ. ಪಟ್ಟಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಬಣ್ಣ ತಿಳಿಯಾಗುತ್ತ ಹೋಗುವ ಗ್ರೇಡಿಯಂಟ್ ಇದ್ದರೂ ಹೀಗೆಯೇ, ತಿಳಿಯಾದ ತುದಿ ಜೆರಾಕ್ಸ್‌ನಲ್ಲಿ ಮಾಯವಾಗುತ್ತದೆ. ವರದಿ ಕೊಡುವ ಮುನ್ನ ಒಂದು ಪುಟವನ್ನು ಜೆರಾಕ್ಸ್ ಮಾಡಿಸಿ ನೋಡಿದರೆ ಸಾಕು.

7. ಸೊನ್ನೆಯಿಂದ ಹಿಡಿದ ಒಂದು ಉದ್ದ ಸಾಕು.

ತೆಗೆಯುವುದು ಕಷ್ಟವಲ್ಲ. ಎಕ್ಸೆಲ್‌ನಲ್ಲಿ ಚಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ `Change Chart Type` ಒತ್ತಿ `Clustered Bar` ಆರಿಸಿದರೆ ಆಳ, ಗೋಡೆ, ವಾಲಿಕೆ ಮೂರೂ ಒಟ್ಟಿಗೆ ಹೋಗುತ್ತವೆ, ಅಂಕಿಗಳನ್ನು ಮತ್ತೆ ತುಂಬಬೇಕಾಗಿಲ್ಲ. ಉಳಿದ ನೆರಳನ್ನು `Shape Effects`, `Shadow`, `No Shadow` ಎಂಬ ದಾರಿಯಲ್ಲಿ ತೆಗೆಯಬಹುದು. ಲಿಬ್ರೆಆಫೀಸ್ ಬಳಸುವವರು ಚಾರ್ಟ್ ಬಗೆ ಆರಿಸುವ ಕಿಟಕಿಯಲ್ಲಿ `3D Look` ಮುಂದಿನ ಗುರುತನ್ನು ತೆಗೆದರಾಯಿತು. ಪೈ ಚಾರ್ಟೇ ಬೇಕು ಎಂದು ಮೇಲಿನವರು ಪಟ್ಟು ಹಿಡಿದರೆ ಚಪ್ಪಟೆ ಪೈ ಕೊಡಿ. ಮೂರು ಹೋಳುಗಳಿಗೆ ಅದರಿಂದ ತೊಂದರೆಯಿಲ್ಲ.

ಮೂರನೇ ಆಯಾಮ ಎಲ್ಲಿಯೂ ಬೇಡವೆಂದು ನಾನು ಹೇಳುತ್ತಿಲ್ಲ. ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಎತ್ತರ 1,454 ಮೀಟರ್. ಆ ಬೆಟ್ಟವನ್ನೂ ಅದರ ಕೆಳಗಿನ ಬಂಡೀಪುರದ ಕಾಡನ್ನೂ ಉಬ್ಬುನಕ್ಷೆಯಾಗಿ ಮಾಡಿದರೆ ಅಲ್ಲಿ ಅಗಲ, ಉದ್ದ, ಎತ್ತರ ಮೂರೂ ಅಳೆದು ತಂದ ಅಂಕಿಗಳು. ಚಿತ್ರದ ಮೂರು ಆಯಾಮಗಳಿಗೆ ನೆಲದ ಮೇಲಿನ ಮೂರು ಆಯಾಮಗಳು ಜೊತೆಗಿವೆ. ಅಲ್ಲಿಯೂ ಎರಡು ಶಿಖರಗಳಲ್ಲಿ ಯಾವುದು ಎತ್ತರ ಎಂದು ಹೋಲಿಸಲು ಹೊರಟವರು ಉಬ್ಬನ್ನು ನೋಡಿ ಊಹಿಸದೆ, ಪಕ್ಕದಲ್ಲಿ ಬರೆದ ಮೀಟರ್ ಅಂಕಿಯನ್ನೋ ಸಮೋನ್ನತ ರೇಖೆಯನ್ನೋ ನೋಡಬೇಕಾಗುತ್ತದೆ.

ಜಿಲ್ಲೆಯ ಮೂರು ಹೋಳುಗಳಿಗೆ ಅಷ್ಟೆಲ್ಲ ಬೇಡ. ಮೇಲಿಂದ ಕೆಳಕ್ಕೆ ದೊಡ್ಡದರಿಂದ ಚಿಕ್ಕದಕ್ಕೆ ಮೂರು ಪಟ್ಟಿ ಎಳೆಯಿರಿ, ಮೂರೂ ಒಂದೇ ಸೊನ್ನೆಯ ಗೆರೆಯಿಂದ ಹೊರಡಲಿ. ಬಣ್ಣ ಒಂದೇ ಇದ್ದರೂ ಸಾಕು. ಪಂಗಡದ ಬಗ್ಗೆಯೇ ಮಾತಾಡುವ ವರದಿಯಾದರೆ ಆ ಪಟ್ಟಿಯನ್ನು ಮಾತ್ರ ಗಾಢ ಮಾಡಿ. ಹೆಸರನ್ನು ಎಡಕ್ಕೆ, ಅಂಕಿಯನ್ನು ತುದಿಯಾಚೆ ಬರೆದರೆ ಅಡ್ಡಗೆರೆಗಳೂ ಬೇಕಾಗುವುದಿಲ್ಲ. ಶೇ. 1ಕ್ಕೆ 1 ಮಿಲಿಮೀಟರ್ ಹಿಡಿದರೆ ಉಳಿದವರದು 62.8 ಮಿಲಿಮೀಟರ್, ಪರಿಶಿಷ್ಟ ಜಾತಿಯದು 25.4, ಪರಿಶಿಷ್ಟ ಪಂಗಡದ್ದು 11.8. ಪಂಗಡದ ಪಟ್ಟಿಯನ್ನು ಎರಡು ಸಲ ಇಟ್ಟರೂ ಜಾತಿಯ ಪಟ್ಟಿಯ ತುದಿ ಮುಟ್ಟಲು ಇನ್ನೂ ಸುಮಾರು ಎರಡು ಮಿಲಿಮೀಟರ್ ಬೇಕು ಎಂಬುದನ್ನು ಯಾರು ಬೇಕಾದರೂ ಸ್ಕೇಲ್ ಇಟ್ಟು ನೋಡಬಹುದು.